ಕನ್ನಡಿಯೂ ತಿರುಗಿಸುತ್ತೆ, ನೀರಿನ ಲೋಟವೂ ತಿರುಗಿಸುತ್ತೆ. ಹಾಗಾದ್ರೆ ಎರಡೂ ಒಂದೇನಾ?

ಮಲ್ಲಿಗೆಬಳ್ಳಿ
ಮಗಳು ಏಳನೇ ಕ್ಲಾಸು. ನಿನ್ನೆ ರಾತ್ರಿ ಊಟ ಆದಮೇಲೆ ಒಂದು ಚೀಟಿಯಲ್ಲಿ ಬಾಣ ಬರೆದು ಗಾಜಿನ ಲೋಟದ ಹಿಂದೆ ಹಿಡಿದಳು. ಲೋಟ ಖಾಲಿ ಇದ್ದಾಗ ಬಾಣ ಬಲಕ್ಕೆ ತೋರಿಸುತ್ತಿತ್ತು. ನೀರು ಹುಯ್ದ ತಕ್ಷಣ ಎಡಕ್ಕೆ ತಿರುಗಿತು. ಶಾಲೆಯಲ್ಲಿ ತೋರಿಸಿದ್ದರಂತೆ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅವಳು ಚೀಟಿಯ ಇನ್ನೊಂದು ಬದಿಯಲ್ಲಿ ತನ್ನ ಹೆಸರು ಬರೆದು ಹಿಡಿದಳು. ಅಕ್ಷರಗಳೆಲ್ಲ ಎಡಬಲ ಅದಲುಬದಲು. ಅದೇ ಚೀಟಿಯನ್ನು ಬಚ್ಚಲಿನ ಕನ್ನಡಿಗೆ ಹಿಡಿದಳು. ಅಲ್ಲೂ ಹಾಗೇ ಕಾಣಿಸಿತು.

"ಅಮ್ಮಾ, ಹಾಗಾದ್ರೆ ನೀರು ಕನ್ನಡಿ ಕೆಲಸಾನೇ ಮಾಡ್ತು ಅಲ್ವಾ?" ಅಂತ ಕೇಳಿದಳು. ಕನ್ನಡಿಯದು ಪ್ರತಿಫಲನ, ನೀರಿನದು ವಕ್ರೀಭವನ ಅಂತ ಹೇಳಿ ಕೈ ತೊಳೆದುಕೊಳ್ಳೋಣ ಅಂದುಕೊಂಡೆ. "ಹೆಸರು ಬೇರೆ ಸರಿ, ಮಾಡಿದ ಕೆಲಸ ಒಂದೇ ತಾನೇ?" ಅಂದಳು. ನಾನು ಓದಿದ್ದು ಕಾಮರ್ಸ್. ಬೆಳಗ್ಗೆ ಹೇಳ್ತೀನಿ ಅಂತ ಮಲಗಿಸಿದ್ದೀನಿ. ಈಗ ಬೆಳಗಾಗಿದೆ. ಏನು ಹೇಳಲಿ?

ಹಳೇಮೇಷ್ಟ್ರು
ಸುಲಭ ಅಮ್ಮಾ. ಕನ್ನಡಿಯಲ್ಲಿ ಬೆಳಕು ಬಡಿದು ವಾಪಸ್ ಬರುತ್ತದೆ. ನೀರಿನಲ್ಲಿ ಬೆಳಕು ಒಳಗೆ ಹೋಗಿ ಬಾಗುತ್ತದೆ. ಕನ್ನಡಿ ಎಡಬಲ ಬದಲಿಸುತ್ತದೆ, ತಲೆಕೆಳಗು ಮಾಡುವುದಿಲ್ಲ. ನೀರು ತುಂಬಿದ ಲೋಟ ಪೀನ ಮಸೂರ ಇದ್ದಂತೆ, ಅದು ಯಾವಾಗಲೂ ತಲೆಕೆಳಗು ಮಾಡುತ್ತದೆ. 31 ವರ್ಷ ಇದನ್ನೇ ಪಾಠ ಮಾಡಿದ್ದೇನೆ.

ಮಲ್ಲಿಗೆಬಳ್ಳಿ
ಆದರೆ ಸರ್, ಲೋಟದಲ್ಲಿ ಅವಳ ಹೆಸರು ತಲೆಕೆಳಗಾಗಿರಲಿಲ್ಲ. ತಲೆಕಟ್ಟು ಮೇಲೆಯೇ ಇತ್ತು. ಎಡಬಲ ಮಾತ್ರ ಬದಲಾಗಿತ್ತು. ಅದಕ್ಕೇ ತಾನೇ ಈ ರಗಳೆ.

ಹಳೇಮೇಷ್ಟ್ರು
ಸರಿಯಾಗಿ ನೋಡಿರಲಿಕ್ಕಿಲ್ಲ.

ಕನ್ನಡಕದಂಗಡಿ
ಮೇಷ್ಟ್ರೇ, ಅವರು ನೋಡಿದ್ದು ಸರಿಯಾಗಿದೆ. ನನ್ನ ಹೊಟ್ಟೆಪಾಡು ಇದೇ ಆಗಿರೋದರಿಂದ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಲೋಟ ಚೆಂಡಿನ ಹಾಗೆ ಇಲ್ಲ, ಕಂಬದ ಹಾಗಿದೆ. ಸುತ್ತ ಬಾಗಿದೆ, ಮೇಲಿಂದ ಕೆಳಕ್ಕೆ ನೆಟ್ಟಗಿದೆ. ಬಾಗಿದ ಕಡೆ ಮಾತ್ರ ಅದು ಮಸೂರ. ಅಡ್ಡಡ್ಡಕ್ಕೆ ಬರುವ ಬೆಳಕು ಹಿಂದಿನ ಗೋಡೆಯಲ್ಲಿ ಒಳಕ್ಕೆ ಬಾಗುತ್ತೆ, ಮುಂದಿನ ಗೋಡೆಯಲ್ಲಿ ಹೊರಗೆ ಬರುವಾಗ ಅದೇ ಕಡೆಗೆ ಇನ್ನೊಮ್ಮೆ ಬಾಗುತ್ತೆ. ಕೊನೆಗೆ ಒಂದನ್ನೊಂದು ದಾಟಿ ಹೋಗುತ್ತೆ. ಬಾಣದ ಎಡ ತುದಿಯ ಬೆಳಕು ಬಲಕ್ಕೆ ಬರುತ್ತೆ, ಬಲ ತುದಿಯದು ಎಡಕ್ಕೆ. ಉದ್ದುದ್ದಕ್ಕೆ ಲೋಟ ಬರೀ ದಪ್ಪ ಕಿಟಕಿ ಗಾಜು ಇದ್ದ ಹಾಗೆ. ಅಲ್ಲಿ ದಾಟುವುದೇ ಇಲ್ಲ. ಅದಕ್ಕೇ ತಲೆಕಟ್ಟು ತಲೆಯ ಮೇಲೇ ಉಳೀತು.

ನಮ್ಮ ಅಂಗಡಿಯಲ್ಲಿ ಇದಕ್ಕೆ ಸಿಲಿಂಡರ್ ಅಂತಲೇ ಕರೆಯೋದು. ಕಣ್ಣಿನ ಚೀಟಿಯಲ್ಲಿ SPH ಪಕ್ಕ CYL ಅಂತ ಒಂದು ಕಾಲಂ ಇರುತ್ತಲ್ಲ, ಅದು ಇದೇ. ಒಂದು ದಿಕ್ಕಿನಲ್ಲಿ ಮಾತ್ರ ಪವರ್ ಇರುವ ಗಾಜು. ನಿಮ್ಮ ಮಗಳು ಊಟದ ಟೇಬಲ್ ಮೇಲೆ ಒಂದು ಭಯಂಕರ ಸಿಲಿಂಡರ್ ಪವರ್ ಇಟ್ಟುಕೊಂಡು ಕೂತಿದ್ದಳು.

ಮೇಷ್ಟ್ರು ಹೇಳಿದ್ದು ಗುಂಡಗಿನ ಮಸೂರಕ್ಕೆ ನಿಜ, ಅದೂ ಚೀಟಿ ಸ್ವಲ್ಪ ದೂರ ಇದ್ದಾಗ. ದುಂಡು ಬಲ್ಬಿನ ಬುರುಡೆಗೆ ನೀರು ತುಂಬಿ ನೋಡಿದರೆ ಎಡಬಲ, ಮೇಲೆಕೆಳಗೆ ಎರಡೂ ತಿರುಗುತ್ತೆ. ಆಗ ಚೀಟಿಯನ್ನೇ ತಲೆಕೆಳಗು ಹಿಡಿದರೆ ಹೆಸರು ಸರಿಯಾಗಿ ಓದಬಹುದು. ನೆಟ್ಟಗೆ ನಿಲ್ಲಿಸಿದ ಲೋಟದಲ್ಲಿ ಹಾಗೆ ಆಗಲ್ಲ. ಚೀಟಿಯನ್ನು ಹೇಗೆ ಸುತ್ತಿಸಿದರೂ ಅಕ್ಷರ ಉಲ್ಟಾನೇ. ಕನ್ನಡಿಯಲ್ಲೂ ಹಾಗೇ. ಹಾಗಾಗಿ ಹುಡುಗಿ ಕೇಳಿದ್ದು ದಡ್ಡ ಪ್ರಶ್ನೆ ಅಲ್ಲವೇ ಅಲ್ಲ.

ಬಾಳೆಎಲೆ
ಬಾಗಿಲಿಗೆ ಎದುರಾಗಿ ಕನ್ನಡಿ, ಅದರ ಪಕ್ಕ ನೀರು ಇಡಬಾರದು ಅಂತ ನಮ್ಮತ್ತೆ ಹೇಳ್ತಿದ್ದರು. ಟೇಬಲ್ ಯಾವ ದಿಕ್ಕಿಗಿದೆ?

ಮಲ್ಲಿಗೆಬಳ್ಳಿ
ಅಕ್ಕಾ, ಕನ್ನಡಿ ಬಚ್ಚಲಲ್ಲಿದೆ 😄

ಕನ್ನಡಕದಂಗಡಿ ಸರ್, ಅರ್ಥ ಆಯ್ತು. ಆದರೆ ಅವಳ ಪ್ರಶ್ನೆ ಇನ್ನೂ ಹಾಗೇ ಇದೆ. ಎರಡೂ ಉಲ್ಟಾ ಮಾಡಿದರೆ, ನೋಡಿ ಹೇಳೋದು ಹೇಗೆ? ಒಳಗೆ ಬೆಳಕು ಏನು ಮಾಡ್ತು ಅನ್ನೋದು ಅವಳಿಗೆ ಕಾಣಲ್ವಲ್ಲ.

ಕನ್ನಡಕದಂಗಡಿ
ಚೀಟಿ ಅಲ್ಲಾಡಿಸಲಿ. ಮೊದಲು ಚೀಟಿಯನ್ನು ಲೋಟದ ಬೆನ್ನಿಗೆ ಅಂಟಿಸಿಯೇ ಹಿಡಿಯಲಿ. ಬಾಣ ತಿರುಗಿರಲ್ಲ, ಅಡ್ಡಕ್ಕೆ ಸ್ವಲ್ಪ ಹಿಗ್ಗಿರುತ್ತೆ ಅಷ್ಟೇ. ಆಮೇಲೆ ನಿಧಾನಕ್ಕೆ ಹಿಂದಕ್ಕೆ ಎಳೆಯಲಿ. ಬಾಣ ಅಗಲ ಆಗ್ತಾ ಆಗ್ತಾ ಇಡೀ ಲೋಟ ತುಂಬಿಕೊಂಡು ಕಪ್ಪು ಕಲೆ ಆಗುತ್ತೆ. ಇನ್ನೂ ಹಿಂದಕ್ಕೆ ಹೋದರೆ ಆ ಕಲೆಯಿಂದ ತಿರುಗಿದ ಬಾಣ ಹೊರಗೆ ಬರುತ್ತೆ. ಕನ್ನಡಿಗೆ ಈ ನಾಟಕ ಗೊತ್ತಿಲ್ಲ. ಹತ್ತಿರ ಹಿಡಿದರೂ ದೂರ ಹಿಡಿದರೂ ಒಂದೇ ತರಹ.

ಲೆಕ್ಕ ಬೇಕಾದರೆ: ನೀರಿನ ಲೋಟಕ್ಕೆ, ಹಿಂದಿನ ಗೋಡೆಯಿಂದ ಹೆಚ್ಚುಕಮ್ಮಿ ಲೋಟದ ಅರ್ಧ ಅಗಲದಷ್ಟು ಹಿಂದೆ ಆ ಕಲೆ ಬರಬೇಕು. 7 ಸೆಂ.ಮೀ. ಅಗಲದ ಲೋಟಕ್ಕೆ 3.5 ಸೆಂ.ಮೀ.

ಇನ್ನೊಂದು ಗುರುತು ಇದೆ. ಬಾಣ ತಿರುಗಿ ಕಾಣುವಾಗ ಚೀಟಿಯನ್ನು ಬಲಕ್ಕೆ ಸರಿಸಿದರೆ ಲೋಟದೊಳಗಿನ ಬಾಣ ಎಡಕ್ಕೆ ಓಡುತ್ತೆ. ಕನ್ನಡಿ ಮುಂದೆ ನಿಂತು ಬಲಗೈಯನ್ನು ಬಲಕ್ಕೆ ಚಾಚಿ. ಕನ್ನಡಿಯಲ್ಲಿರೋ ಕೈಯೂ ಅದೇ ಬಲ ಗೋಡೆಯ ಕಡೆಗೇ ಹೋಗುತ್ತೆ. ನಾವು ಅಂಗಡಿಯಲ್ಲಿ ಹಳೇ ಕನ್ನಡಕದ ಪವರ್ ಪ್ಲಸ್ಸೋ ಮೈನಸ್ಸೋ ಅಂತ ಕೈಯಲ್ಲೇ ನೋಡುವುದು ಹೀಗೇ. ದೂರದ ಒಂದು ಗೆರೆಯನ್ನು ಗಾಜಿನೊಳಗಿಂದ ನೋಡ್ತಾ ಗಾಜು ಅಲ್ಲಾಡಿಸ್ತೀವಿ. ಗೆರೆ ಗಾಜಿನ ಎದುರು ದಿಕ್ಕಿಗೆ ಓಡಿದರೆ ಪ್ಲಸ್, ಜೊತೆಗೇ ಬಂದರೆ ಮೈನಸ್.

ತುಂಗಾತೀರ
ವಕ್ರೀಭವನ ಕಲಿಯೋಕೆ ಲೋಟ ಯಾಕೆ, ಮಳೆಗಾಲದಲ್ಲಿ ನಮ್ಮ ಕಡೆ ಬನ್ನಿ. ಹೊಸ ನೀರಿಗೆ ಹತ್ತುಮೀನು ಬರುವಾಗ ರಾತ್ರಿ ಟಾರ್ಚ್ ಹಿಡಿದು ಗದ್ದೆ ಬದುವಿನಲ್ಲಿ ಕತ್ತಿ ಬೀಸ್ತೀವಿ. ಕಾಣೋ ಜಾಗಕ್ಕೆ ಕಡಿದರೆ ಕತ್ತಿ ಮೀನಿನ ಬೆನ್ನ ಮೇಲಿಂದ ಹೋಗುತ್ತೆ. ಕಂಡದ್ದಕ್ಕಿಂತ ಕೆಳಗೆ ಕಡಿಯಬೇಕು. ನನ್ನ ಅಜ್ಜ ಒಂದಕ್ಷರ ಓದಿರಲಿಲ್ಲ. ಅವನಿಗೆ ಗೊತ್ತಿತ್ತು.

ಹತ್ತನೇಕ್ಲಾಸು_ಬಿ
ಅಣ್ಣ, ಟಾರ್ಚ್ ಬೆಳಕೂ ನೀರಿಗೆ ಹೋಗುವಾಗ ಬಾಗುತ್ತಲ್ವಾ. ಎರಡೂ ಸೇರಿ ಸರಿಹೋಗಬೇಕಿತ್ತು?

ತುಂಗಾತೀರ
ಟಾರ್ಚ್ ಬೆಳಕು ಮೀನಿನ ಮೇಲೆ ಬಿದ್ದರೆ ಆಯ್ತಪ್ಪ, ಹೇಗೆ ಬಿತ್ತು ಅನ್ನೋದು ಕಣ್ಣಿಗೆ ಬೇಕಾಗಿಲ್ಲ. ಮೀನಿನಿಂದ ಕಣ್ಣಿಗೆ ಬರುವ ದಾರಿ ಮಾತ್ರ ಲೆಕ್ಕ. ಮೇಲಿಂದ ನೆಟ್ಟಗೆ ಬಗ್ಗಿ ನೋಡಿದರೂ ನಾಲ್ಕು ಅಡಿ ನೀರು ಮೂರಡಿ ಹಾಗೆ ಕಾಣುತ್ತೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಹೊಳೆಗೆ ಹೊಸದಾಗಿ ಇಳಿಯೋರು ಇಷ್ಟೇ ಆಳ ಅಂತ ಕಾಲಿಟ್ಟು ಮುಳುಗೋದು ಇದರಿಂದಲೇ.

ಸ್ಕ್ರೀನ್‌ಪ್ರಿಂಟ್_ಸೀನ
ಎಲ್ಲಾ ಸರಿ. ಆದರೆ ಒಂದು ಮಾತಿಗೆ ನನ್ನ ತಕರಾರಿದೆ. ಮೇಷ್ಟ್ರೂ ಹೇಳಿದರು, ಅಕ್ಕನೂ ಹೇಳಿದರು, ಕನ್ನಡಕದವರೂ ಒಪ್ಪಿಕೊಂಡರು: "ಕನ್ನಡಿ ಎಡಬಲ ತಿರುಗಿಸುತ್ತೆ." ಕನ್ನಡಿ ಎಡಬಲ ತಿರುಗಿಸಲ್ಲ.

ಹಳೇಮೇಷ್ಟ್ರು
ಆಂಬುಲೆನ್ಸ್ ಮೇಲೆ ಯಾಕಪ್ಪಾ ಉಲ್ಟಾ ಬರೆದಿರ್ತಾರೆ ಹಾಗಾದ್ರೆ?

ಕಿಟಕಿಸೀಟು
ನಮ್ಮ ಬಸ್ ಡ್ರೈವರ್ ಕನ್ನಡಿಯಲ್ಲಿ ಅದನ್ನು ಓದೋಕೆ ಮುಂಚೆ ಸೈರನ್ ಕೇಳಿಸಿರುತ್ತೆ. ಕೇಳಿಸಿದರೂ ದಾರಿ ಬಿಡಲ್ಲ, ಅದು ಬೇರೆ ಮಾತು.

ಸ್ಕ್ರೀನ್‌ಪ್ರಿಂಟ್_ಸೀನ
ನಾನು ಟೀ ಶರ್ಟ್ ಪ್ರಿಂಟ್ ಮಾಡೋನು. ದಿನಾ ಪಾರದರ್ಶಕ ಫಿಲ್ಮ್ ಮೇಲಿನ ಅಕ್ಷರದ ಜೊತೆ ಗುದ್ದಾಡ್ತೀನಿ. ಶುರುವಿನಲ್ಲಿ ಒಂದು ಸಲ ಕಬಡ್ಡಿ ಟೀಮಿನ 14 ಶರ್ಟಿಗೆ ಹೆಸರೆಲ್ಲ ಉಲ್ಟಾ ಒತ್ತಿ ಕೈ ಸುಟ್ಟುಕೊಂಡಿದ್ದೀನಿ. ಅವತ್ತು ಫಿಲ್ಮ್ ಹಿಡ್ಕೊಂಡು ಕನ್ನಡಿ ಮುಂದೆ ನಿಂತಾಗ ಗೊತ್ತಾಗಿದ್ದು ಇದು.

ಒಂದು ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಳ್ಳಿ, ಫೈಲ್ ಕವರ್ ಆದರೂ ಆಯ್ತು. ಮಾರ್ಕರ್‌ನಲ್ಲಿ ಹೆಸರು ಬರೀರಿ. ನಿಮಗೆ ಸರಿಯಾಗಿ ಓದಲು ಬರುವ ಹಾಗೆ ಎದೆ ಮುಂದೆ ಹಿಡಿದು ಕನ್ನಡಿ ಮುಂದೆ ನಿಲ್ಲಿ. ಹಾಳೆಯ ಆಚೆ ಕನ್ನಡಿಯಲ್ಲಿ ಏನು ಕಾಣುತ್ತೆ ನೋಡಿ. ಹೆಸರು ಸರಿಯಾಗೇ ಕಾಣುತ್ತೆ! ನಿಮ್ಮ ಎಡಕ್ಕಿರೋ ಅಕ್ಷರ ಕನ್ನಡಿಯಲ್ಲೂ ಎಡಕ್ಕೇ ಇರುತ್ತೆ.

ಹಾಗಾದ್ರೆ ಕಾಗದದ ಚೀಟಿಯಲ್ಲಿ ಯಾಕೆ ಉಲ್ಟಾ ಕಾಣಿಸ್ತು? ಕಾಗದದಾಚೆ ಕಾಣಲ್ಲ, ಅದಕ್ಕೆ ಅಕ್ಷರದ ಮುಖ ಕನ್ನಡಿಗೆ ಬರಲಿ ಅಂತ ಚೀಟಿಯನ್ನು ನೀವೇ ತಿರುಗಿಸಿದ್ರಿ. ಪುಟ ಮಗುಚೋ ಹಾಗೆ ಪಕ್ಕಕ್ಕೆ ತಿರುಗಿಸಿದ್ರಿ. ಆಗ ಎಡಬಲ ಬದಲಾಯ್ತು. ಕನ್ನಡಿ ಅದನ್ನು ಇದ್ದ ಹಾಗೆ ತೋರಿಸಿತು. ಅದೇ ಚೀಟಿಯನ್ನು ಗೋಡೆ ಕ್ಯಾಲೆಂಡರ್ ಹಾಳೆ ಮಗುಚೋ ಹಾಗೆ ಮೇಲಿಂದ ಕೆಳಕ್ಕೆ ತಿರುಗಿಸಿ ಹಿಡೀರಿ. ಕನ್ನಡಿಯಲ್ಲಿ ಅಕ್ಷರ ತಲೆಕೆಳಗಾಗಿ ಕಾಣುತ್ತೆ, ಎಡಬಲ ಮಾತ್ರ ಹಾಗೇ ಇರುತ್ತೆ. ಕನ್ನಡಿ ಅದೇ. ತಿರುಗಿಸಿದ ಕೈ ಬೇರೆ ತರಹ ತಿರುಗಿಸ್ತು.

ಮಲ್ಲಿಗೆಬಳ್ಳಿ
ತಡೀರಿ. ಈಗಲೇ ಫೈಲ್ ಕವರ್ ಹರಿದೆ.

ಮಲ್ಲಿಗೆಬಳ್ಳಿ
ಅಯ್ಯೋ ಹೌದು ರೀ! ಸರಿಯಾಗೇ ಓದೋಕೆ ಬರುತ್ತೆ. ಎರಡು ಹೆಸರು ಒಂದರ ಹಿಂದೊಂದು ನಿಂತ ಹಾಗಿದೆ. ನಲವತ್ತೆರಡು ವರ್ಷ ಕನ್ನಡಿ ನೋಡಿಕೊಂಡಿದ್ದೀನಿ, ಇದು ಗೊತ್ತೇ ಇರಲಿಲ್ಲ.

ಹಳೇಮೇಷ್ಟ್ರು
ಇದು ಮಾತಿನ ಆಟ. ನಾನು ಬಲಗೈ ಎತ್ತಿದರೆ ಕನ್ನಡಿಯವನು ಎಡಗೈ ಎತ್ತುತ್ತಾನೆ. ಇದಕ್ಕೇನು ಹೇಳುತ್ತೀರಿ?

ಕನ್ನಡಕದಂಗಡಿ
ಮೇಷ್ಟ್ರೇ, ಅವನು ಎತ್ತಿದ್ದು ಎಡಗೈ ಅಂತ ಹೇಗೆ ಗೊತ್ತಾಯ್ತು? ಅವನು ನಿಮ್ಮ ಕಡೆ ತಿರುಗಿ ನಿಂತ ಇನ್ನೊಬ್ಬ ಮನುಷ್ಯ ಅಂತ ಅಂದುಕೊಂಡಿದ್ದರಿಂದ. ವಾಚು ಕಟ್ಟಿದ ಕೈ ಕಿಟಕಿ ಕಡೆಗಿದ್ದರೆ, ಕನ್ನಡಿಯಲ್ಲೂ ವಾಚಿನ ಕೈ ಕಿಟಕಿ ಕಡೆಗೇ ಇದೆ. ತಲೆ ಮೇಲೆ, ಕಾಲು ಕೆಳಗೆ. ಬದಲಾಗಿದ್ದು ಒಂದೇ. ನಿಮ್ಮ ಮೂಗು ಉತ್ತರಕ್ಕಿದ್ದರೆ ಅವನ ಮೂಗು ದಕ್ಷಿಣಕ್ಕಿದೆ. ಕನ್ನಡಿ ಹಿಂದುಮುಂದು ಮಾಡುತ್ತೆ, ಎಡಬಲ ಅಲ್ಲ. ಸೀನಪ್ಪ ಹೇಳಿದ್ದು ಸರಿ. ನಾನು ಮೊದಲು ಅಷ್ಟು ಬಿಡಿಸಿ ಹೇಳಲಿಲ್ಲ, ತಪ್ಪೊಪ್ಪಿಕೊಳ್ತೀನಿ.

ಲೋಟದ ವಿಷಯ ಬೇರೆ. ಅಲ್ಲಿ ಚೀಟಿಯನ್ನು ಯಾರೂ ತಿರುಗಿಸಲಿಲ್ಲ. ಮುಖ ನಮ್ಮ ಕಡೆಗೇ ಇತ್ತು. ಅಲ್ಲಿ ನಿಜಕ್ಕೂ ಎಡದ ಬೆಳಕು ಬಲಕ್ಕೆ ದಾಟಿದೆ.

ಹಳೇಮೇಷ್ಟ್ರು
ಪರೀಕ್ಷೆಯಲ್ಲಿ "ಹಿಂದುಮುಂದು" ಅಂತ ಬರೆದರೆ ಅಂಕ ಯಾರು ಕೊಡುತ್ತಾರೆ? ಮಕ್ಕಳು "ಎಡಬಲ ಅದಲುಬದಲು" ಅಂತಲೇ ಬರೆಯಲಿ.

ಸ್ಕ್ರೀನ್‌ಪ್ರಿಂಟ್_ಸೀನ
ಅಂಕಕ್ಕೆ ಒಂದು, ನಿಜಕ್ಕೆ ಒಂದು. ಸರಿ ಬಿಡಿ ಮೇಷ್ಟ್ರೇ.

ಹಳೇಮೇಷ್ಟ್ರು
ಹಾಗಲ್ಲಪ್ಪಾ. ಎದುರಿಗೆ ಬಂದು ನಿಂತವರ ದೃಷ್ಟಿಯಿಂದ ಅದು ಎಡಬಲವೇ. ಎರಡು ಮಾತೂ ನಡೆಯುತ್ತದೆ. ನಾನು ಇದನ್ನು ಬಿಟ್ಟುಕೊಡುವುದಿಲ್ಲ.

ಮಲ್ಲಿಗೆಬಳ್ಳಿ
ಮಗಳು ಶಾಲೆಯಿಂದ ಬಂದಳು. ಸ್ಕೇಲ್ ಇಟ್ಟುಕೊಂಡು ಅಳತೆ ಮಾಡಿದ್ದೀವಿ. ಲೋಟದ ಅಗಲ ಸರಿಯಾಗಿ 7 ಸೆಂ.ಮೀ. ಅಂಟಿಸಿ ಹಿಡಿದಾಗ ಬಾಣ ಸರಿಯಾಗಿತ್ತು, ಅಡ್ಡಕ್ಕೆ ಹಿಗ್ಗಿತ್ತು. ಕಪ್ಪು ಕಲೆ ಬಂದಿದ್ದು 5 ಸೆಂ.ಮೀ. ಹಿಂದೆ. 10ಕ್ಕೆ ಚೆನ್ನಾಗಿ ತಿರುಗಿದ ಬಾಣ. ಆದರೆ ನೀವು 3.5 ಅಂದಿದ್ದಿರಿ. ಮೂರು ಸಲ ಮಾಡಿದಳು, 5ರ ಆಸುಪಾಸೇ ಬರ್ತಿದೆ. ಲೋಟ ಸರಿಯಿಲ್ವಾ?

ಹಳೇಮೇಷ್ಟ್ರು
ಸ್ಕೇಲನ್ನು ಲೋಟದ ಯಾವ ಕಡೆಯಿಂದ ಇಟ್ಟಿದ್ದೀರಿ ನೋಡಿ. ಮಕ್ಕಳು ಮುಂದಿನ ಗೋಡೆಯಿಂದ ಅಳೆದುಬಿಡುತ್ತಾರೆ.

ಮಲ್ಲಿಗೆಬಳ್ಳಿ
ಇಲ್ಲ ಸರ್, ಹಿಂದಿನ ಗೋಡೆಗೆ ತಾಗಿಸಿಯೇ ಇಟ್ಟಿದ್ದಳು.

ಕನ್ನಡಕದಂಗಡಿ
ಕಣ್ಣು ಲೋಟದಿಂದ ಎಷ್ಟು ದೂರ ಇತ್ತು?

ಮಲ್ಲಿಗೆಬಳ್ಳಿ
ಟೇಬಲ್ ಮೇಲೆ ಗಲ್ಲ ಊರಿಕೊಂಡು ಕೂತಿದ್ದಳು. ಒಂದು ಒಂದೂಕಾಲು ಅಡಿ ಇರಬಹುದು.

ಕನ್ನಡಕದಂಗಡಿ
ಹಾಗಾದ್ರೆ ಅವಳ ಅಳತೆ ಸರಿ, ನನ್ನ ಮಾತು ಅರ್ಧ. 3.5 ಅನ್ನೋದು ತುಂಬಾ ದೂರದಿಂದ ನೋಡುವವರ ಲೆಕ್ಕ. ಕಣ್ಣು ಹತ್ತಿರ ಬಂದಷ್ಟೂ ಚೀಟಿ ಇನ್ನೂ ಹಿಂದಕ್ಕೆ ಹೋಗಬೇಕು.

ಲೋಟದ ನಡುವಿನಿಂದ ಅಳೆದರೆ ಈ ಮಸೂರದ ಸಂಗಮ 7 ಸೆಂ.ಮೀ. ದೂರದಲ್ಲಿದೆ. ಅರ್ಧ ಅಗಲ 3.5 ಲೋಟದೊಳಗೇ ಹೋಯ್ತು, ಉಳಿದ 3.5 ಹೊರಗೆ. ಇದು ಬೆಳಕು ಆಚೆ ಬದಿಯಲ್ಲಿ ನೆಟ್ಟಗೆ ಸಾಲಾಗಿ ಹೊರಡೋಕೆ ಬೇಕಾದ ಜಾಗ. ಅವಳ ಕಣ್ಣು 40 ಸೆಂ.ಮೀ. ದೂರದಲ್ಲಿದೆ ಅಂತಿಟ್ಟುಕೊಳ್ಳಿ. ಬೆಳಕು ಸರಿಯಾಗಿ ಅವಳ ಕಣ್ಣಿನ ಜಾಗದಲ್ಲೇ ಕೂಡಿಕೊಂಡಾಗ ಬಾಣ ಕಲೆ ಆಗುತ್ತೆ. ಅದಕ್ಕೆ ಚೀಟಿ ಎಲ್ಲಿರಬೇಕು?

```
1/x = 1/7 - 1/40
x = 8.5 ಸೆಂ.ಮೀ. (ಲೋಟದ ನಡುವಿನಿಂದ)
8.5 - 3.5 = 5 ಸೆಂ.ಮೀ. (ಹಿಂದಿನ ಗೋಡೆಯಿಂದ)
```

ಐದಕ್ಕೆ ಐದು. ಈಗ ಅವಳು ಎದ್ದು ಐದಡಿ ಹಿಂದೆ ಹೋಗಿ ನಿಂತು ನೋಡಲಿ, ನೀವು ಚೀಟಿ ಸರಿಸಿ. 4ರ ಒಳಗೇ ಕಲೆ ಬರಬೇಕು.

ಮಲ್ಲಿಗೆಬಳ್ಳಿ
ಬಾಗಿಲ ಹತ್ತಿರ ನಿಂತು ನೋಡಿದಳು. 4 ಸೆಂ.ಮೀ.ಗೆ "ಕಪ್ಪಾಯ್ತು ಕಪ್ಪಾಯ್ತು" ಅಂತ ಕೂಗಿದಳು. ಅವಳ ಖುಷಿ ನೋಡಬೇಕಿತ್ತು. ಬಾಣದ ತುದಿಗಳು ಮಾತ್ರ ನಡುಭಾಗಕ್ಕಿಂತ ಮುಂಚೆನೇ ಕಲಸಿಕೊಂಡವಂತೆ.

ಕನ್ನಡಕದಂಗಡಿ
ಅದೂ ಸರಿ. ಲೋಟದ ಅಂಚಿನ ಹತ್ತಿರ ಹಾದು ಬರುವ ಬೆಳಕು ಜಾಸ್ತಿ ಬಾಗುತ್ತೆ, ಬೇಗ ದಾಟಿಕೊಳ್ಳುತ್ತೆ. ಅದಕ್ಕೇ ಲೋಟವನ್ನು ಯಾರೂ ಕನ್ನಡಕಕ್ಕೆ ಹಾಕಲ್ಲ 😀

ಒಗ್ಗರಣೆ
ನಾನು ನೀರಿನ ಬದಲು ಅಡುಗೆ ಎಣ್ಣೆ ಹಾಕಿ ನೋಡಿದೆ. ಬಾಣ ಇನ್ನೂ ಹತ್ತಿರದಲ್ಲೇ ತಿರುಗುತ್ತೆ. ಯಾಕೆ? (ಎಣ್ಣೆ ವಾಪಸ್ ಡಬ್ಬಿಗೆ ಹಾಕಿದ್ದೀನಿ, ಬೈಬೇಡಿ.)

ಕನ್ನಡಕದಂಗಡಿ
ಎಣ್ಣೆ ನೀರಿಗಿಂತ ಜಾಸ್ತಿ ಬಾಗಿಸುತ್ತೆ. ಎಷ್ಟು ಬಾಗಿಸುತ್ತೆ ಅನ್ನೋ ಅಳತೆಗೆ ವಕ್ರೀಭವನ ಸೂಚ್ಯಂಕ ಅಂತಾರೆ. ನೀರಿನದು 1.33, ಎಣ್ಣೆಯದು ಸುಮಾರು 1.47. ಅದೇ ಲೋಟದಲ್ಲಿ 3.5 ಇದ್ದದ್ದು ಹೆಚ್ಚುಕಮ್ಮಿ 2 ಸೆಂ.ಮೀ.ಗೆ ಇಳಿಯುತ್ತೆ. ಕನ್ನಡಿ ಮುಂದೆ ನೀರು, ಎಣ್ಣೆ ಏನೇ ಇಟ್ಟರೂ ಅದರ ಕೋನ ಬದಲಾಗಲ್ಲ. ಬಿದ್ದ ಕೋನದಲ್ಲೇ ವಾಪಸ್ ಕಳಿಸುತ್ತೆ.

ಹತ್ತನೇಕ್ಲಾಸು_ಬಿ
ಅಂಕಲ್, ಒಂದು ಡೌಟು. ದೂರ ಬದಲಾದರೆ ತಿರುಗೋದು ವಕ್ರೀಭವನ, ಬದಲಾಗದೇ ಇರೋದು ಪ್ರತಿಫಲನ ಅಂದ್ರಿ. ಸ್ಟೀಲ್ ಸೌಟಿನ ಒಳಭಾಗ ನೋಡಿ. ಮುಖ ದೂರ ಇದ್ದರೆ ತಲೆಕೆಳಗು. ಬೆರಳ ತುದಿ ತುಂಬಾ ಹತ್ತಿರ ತಂದರೆ ಸರಿಯಾಗಿ ದೊಡ್ಡದಾಗಿ ಕಾಣುತ್ತೆ. ನಡುವೆ ಅದೇ ಕಲೆ. ಸೌಟಿನೊಳಗೆ ನೀರಿಲ್ಲ, ಗಾಜಿಲ್ಲ, ಬರೀ ಪ್ರತಿಫಲನ. ನಿಮ್ಮ ಗುರುತು ಫೇಲಾಯ್ತಲ್ವಾ?

ಸ್ಕ್ರೀನ್‌ಪ್ರಿಂಟ್_ಸೀನ
ಹುಡುಗ ಹೊಡೆದ ನೋಡಿ 👏

ಹಳೇಮೇಷ್ಟ್ರು
ಶಭಾಷ್. ಅದು ನಿಮ್ನ ದರ್ಪಣ. ಬರೀ "ಕನ್ನಡಿ" ಅಂತ ಹೇಳಬಾರದು, "ಸಮತಲ ಕನ್ನಡಿ" ಅಂತ ಹೇಳಬೇಕು ಅಂತ ನಾನು ಆಗಲೇ ಬರೆಯೋಣ ಅಂದುಕೊಂಡಿದ್ದೆ.

ಕಿಟಕಿಸೀಟು
ಅಂದುಕೊಂಡಿದ್ದಿರಿ 🙂

ಕನ್ನಡಕದಂಗಡಿ
ಫೇಲಾಯ್ತು, ಒಪ್ಪಿದೆ. ನಾನು ಕೊಟ್ಟ ಗುರುತು ಚಪ್ಪಟೆ ಕನ್ನಡಿಗೆ ಮಾತ್ರ. ತಿರುಗೋದು ಬಿಡೋದು ಮೈ ಬಾಗಿದ್ದರ ಗುಣ. ಲೋಟವೂ ಬಾಗಿದೆ, ಸೌಟೂ ಬಾಗಿದೆ. ಬಾಣ ತಿರುಗಿತು ಅನ್ನೋದರಿಂದ ಪ್ರತಿಫಲನವೋ ವಕ್ರೀಭವನವೋ ಅಂತ ಹೇಳೋಕೆ ಬರಲ್ಲ. ಹುಡುಗಿ ಮೊದಲಿಗೇ ಮುಗ್ಗರಿಸಿದ್ದು ಅಲ್ಲೇ, ನಾನೂ ಅಲ್ಲೇ ಮುಗ್ಗರಿಸಿದೆ.

ಹಾಗಾದ್ರೆ ನಿಜವಾದ ಪರೀಕ್ಷೆ ಯಾವುದು? ಮುಳುಗಿಸಿ. ವಕ್ರೀಭವನ ಆಗೋದು ಎರಡು ಬೇರೆ ಬೇರೆ ವಸ್ತು ಸೇರುವ ಗಡಿಯಲ್ಲಿ. ಲೋಟದ ನೀರು ಬೆಳಕನ್ನು ಬಾಗಿಸಿದ್ದು ಹೊರಗೆ ಗಾಳಿ ಇದ್ದದ್ದಕ್ಕೆ. ಹೊರಗೂ ನೀರೇ ಇದ್ದರೆ ಒಳಗೂ ನೀರು, ಹೊರಗೂ ನೀರು, ನಡುವೆ ತೆಳು ಗಾಜು. ಮಸೂರ ಮಾಯ. ಸೌಟನ್ನೂ ಕನ್ನಡಿಯನ್ನೂ ಮುಳುಗಿಸಿ, ಅವು ಮೊದಲಿನ ಕೆಲಸವನ್ನೇ ಮಾಡ್ತಾ ಕೂತಿರ್ತವೆ.

ಮಲ್ಲಿಗೆಬಳ್ಳಿ
ಬಚ್ಚಲ ಟಬ್ ತುಂಬಿಸಿ ಮಾಡಿದ್ವಿ. ಬಾಣದ ಚೀಟಿ ಟಬ್ಬಿನ ತಳದಲ್ಲಿ ಇಟ್ಟು ಅದರ ಮೇಲೆ ಲೋಟ ಮಲಗಿಸಿದೆ. ಬಾಣ ತಿರುಗಲಿಲ್ಲ! ಅಂದರೆ ನಿಮ್ಮ ಮಾತು ನಿಜ.

ಸ್ಕ್ರೀನ್‌ಪ್ರಿಂಟ್_ಸೀನ
ಅಕ್ಕಾ, ಅದು ಲೆಕ್ಕಕ್ಕಿಲ್ಲ. ಚೀಟಿಗೆ ಅಂಟಿಸಿ ಇಟ್ಟರೆ ಗಾಳಿಯಲ್ಲೂ ತಿರುಗಲ್ಲ ಅಂತ ಆಗಲೇ ನೀವೇ ನೋಡಿದ್ರಿ. ತಳದಲ್ಲಿ ಚೀಟಿ, ಅದರಿಂದ ಒಂದು ಗೇಣು ಮೇಲೆ ಲೋಟ ಹಿಡೀಬೇಕು. ಅಷ್ಟೇ ದೂರದಲ್ಲಿ ನೀರಿಲ್ಲದ ಟಬ್ಬಿನಲ್ಲಿ ಮೊದಲು ತಿರುಗುತ್ತೆ ಅಂತ ಖಾತ್ರಿ ಮಾಡ್ಕೊಂಡು, ಆಮೇಲೆ ನೀರು ಬಿಡಿ.

ಒಗ್ಗರಣೆ
ಲೋಟ ಮಲಗಿಸಿದರೆ ನೀರು ಚೆಲ್ಲುತ್ತಲ್ಲ. ಮುಚ್ಚಳ ಇರೋ ಜಾಮ್ ಬಾಟಲಿ ತಗೊಳ್ಳಿ. ಗುಳ್ಳೆ ಉಳಿಯದ ಹಾಗೆ ತುಂಬಿ. ಲೇಬಲ್ ಕಿತ್ತು, ಅಂಟು ಹೋಗೋಕೆ ಬಿಸಿನೀರಲ್ಲಿ ನೆನೆಸಿ.

ಮಲ್ಲಿಗೆಬಳ್ಳಿ
ಸರಿ, ಈ ಸಲ ಶಿಸ್ತಾಗಿ ಮಾಡಿದ್ದೀವಿ. ಸ್ಕೆಚ್ ಪೆನ್ನಿನ ಬಾಣ ಮೊದಲನೇ ಸಲವೇ ನೀರಲ್ಲಿ ಕರಗಿ ಹೋಗಿತ್ತು. ಎರಡನೆಯದು ಮಾರ್ಕರ್‌ನಲ್ಲಿ ಪ್ಲಾಸ್ಟಿಕ್ ಮೇಲೆ ಬರೆದು, ತೇಲದ ಹಾಗೆ ಮೇಲೆ ಎರಡು ಕಲ್ಲು ಇಟ್ಟೆವು.

ಖಾಲಿ ಟಬ್ಬಿನಲ್ಲಿ, ಬಾಣಕ್ಕಿಂತ 15 ಸೆಂ.ಮೀ. ಮೇಲೆ ನೀರು ತುಂಬಿದ ಬಾಟಲಿಯನ್ನು ಅಡ್ಡ ಹಿಡಿದಳು. ಬಾಣ ತಿರುಗಿತು. ಕೈ ಅಲ್ಲಾಡಿಸದೆ ಹಾಗೇ ಹಿಡಿದುಕೋ ಅಂತ ಹೇಳಿ ನಲ್ಲಿ ಬಿಟ್ಟೆ. ಬಾಟಲಿ ಅರ್ಧ ಮುಳುಗುವಾಗ ಏನೇನೋ ಕಲಸಿಕೊಂಡಿತು. ಪೂರ್ತಿ ಮುಳುಗಿದ ಮೇಲೆ ಬಾಣ ತನ್ನ ಸರಿ ದಿಕ್ಕಿಗೆ ಬಂದು ನಿಂತಿತು! ಬಾಟಲಿ ಇದೆ ಅಂತ ಗೊತ್ತಾಗ್ತಿದ್ದದ್ದು ಅಂಚಿನ ಎರಡು ಗೆರೆ ಮತ್ತು ಮುಚ್ಚಳದಿಂದ ಮಾತ್ರ. ಪಕ್ಕದಲ್ಲಿ ಮುಳುಗಿಸಿದ ಕೈಗನ್ನಡಿಯಲ್ಲಿ ಅವಳ ಮುಖ ಚೆನ್ನಾಗೇ ಕಾಣಿಸ್ತಾ ಇತ್ತು. ಸೌಟಿನಲ್ಲೂ ತಲೆಕೆಳಗಾಗೇ ಕಾಣಿಸ್ತು.

"ನೀರು ನೀರಲ್ಲಿ ಸೇರ್ಕೊಂಡು ಸುಮ್ನಾಯ್ತು, ಕನ್ನಡಿ ಮಾತ್ರ ಕೇಳಲ್ಲ" ಅಂದಳು. ನನಗೆ ಅಷ್ಟು ಸಾಕು ಅನ್ನಿಸ್ತು.

ಹಳೇಮೇಷ್ಟ್ರು
ಇದು ಚೆನ್ನಾಗಿದೆ. ನಾನು ಪಾಠ ಮಾಡುವಾಗ ಇದು ಹೊಳೆಯಲಿಲ್ಲ. ಕೈಗನ್ನಡಿ ನೀರಿನಲ್ಲಿ ಜಾಸ್ತಿ ಹೊತ್ತು ಬಿಡಬೇಡಿ, ಹಿಂದಿನ ಬಣ್ಣ ಎದ್ದು ಕಪ್ಪು ಚುಕ್ಕೆ ಬರುತ್ತದೆ.

ಬಾಳೆಎಲೆ
ಟಬ್ ನೀರು ಚೆಲ್ಲಬೇಡಿ, ಗಿಡಕ್ಕೆ ಹಾಕಿ. ನಮ್ಮ ಏರಿಯಾದಲ್ಲಿ ಟ್ಯಾಂಕರ್ ಮೂರು ದಿನದಿಂದ ಬಂದಿಲ್ಲ.

ಹತ್ತನೇಕ್ಲಾಸು_ಬಿ
ಆಂಟಿ, ಬಾಟಲಿ ಖಾಲಿ ಮಾಡಿ, ಮುಚ್ಚಳ ಬಿಗಿ ಮಾಡಿ ಮುಳುಗಿಸಿ ನೋಡಿ. ಒಳಗೆ ಗಾಳಿ, ಹೊರಗೆ ನೀರು. ಉಲ್ಟಾ ಮಸೂರ ಆಗಬೇಕು ಅಲ್ವಾ?

ಮಲ್ಲಿಗೆಬಳ್ಳಿ
ಟಬ್ ನೀರು ಇನ್ನೂ ಹಾಗೇ ಇತ್ತು, ನೋಡಿದ್ವಿ. ಅದು ತೇಲ್ತಾ ಕೈಗೆ ಸಿಗಲ್ಲ, ಎರಡೂ ಕೈಯಲ್ಲಿ ಒತ್ತಿ ಹಿಡೀಬೇಕಾಯ್ತು. ಬಾಣ ತಿರುಗಲಿಲ್ಲ, ಸಣ್ಣದಾಗಿ ಸಣಕಲಾಗಿ ನಡುವೆ ನಿಂತಿತು. ಆದರೆ ಇನ್ನೊಂದು ವಿಚಿತ್ರ. ಬಾಟಲಿಯ ಎರಡೂ ಪಕ್ಕದಲ್ಲಿ ಉದ್ದಕ್ಕೆ ಬೆಳ್ಳಿ ಪಟ್ಟಿ ಹಚ್ಚಿದ ಹಾಗೆ ಹೊಳೆಯುತ್ತೆ. ಸ್ಕೇಲ್ ಇಟ್ಟರೆ ಒಂದೊಂದು ಹೆಚ್ಚುಕಮ್ಮಿ 1 ಸೆಂ.ಮೀ. ಅಗಲ. ಟಬ್ಬಿನ ನೀಲಿ ಗೋಡೆ ಅದರಲ್ಲಿ ಕಾಣುತ್ತೆ, ಬಾಟಲಿಯೊಳಗಿನದು ಏನೂ ಕಾಣಲ್ಲ. ಮೇಲೆತ್ತಿದರೆ ಪಟ್ಟಿ ಇಲ್ಲ, ಬರೀ ಗಾಜು. ಮಗಳು ಮತ್ತೆ ಶುರು ಮಾಡಿದ್ದಾಳೆ: "ಇದು ಕನ್ನಡಿನಾ, ನೀರಿನದಾ?"

ಕನ್ನಡಕದಂಗಡಿ
ಅದು ಕನ್ನಡಿ ಕೆಲಸ. ಪಾದರಸ, ಬೆಳ್ಳಿ ಏನೂ ಹಚ್ಚದ ಕನ್ನಡಿ. ನೀರಿನೊಳಗಿಂದ ಗಾಳಿಗೆ ಹೋಗೋ ಬೆಳಕು ಜಾಸ್ತಿ ಓರೆಯಾಗಿ, ಸುಮಾರು 49 ಡಿಗ್ರಿ ದಾಟಿ ಬಡಿದರೆ ಆಚೆ ಹೋಗೋಕೆ ದಾರಿಯೇ ಇರಲ್ಲ, ಪೂರ್ತಿ ವಾಪಸ್ ಬರುತ್ತೆ. ಗುಂಡಗಿನ ಬಾಟಲಿಯಲ್ಲಿ ಅಷ್ಟು ಓರೆ ಸಿಗೋದು ಎರಡು ಅಂಚಿನಲ್ಲಿ ಮಾತ್ರ. ಲೆಕ್ಕದ ಪ್ರಕಾರ ಅರ್ಧ ಅಗಲದ ಕಾಲು ಭಾಗ. ನಿಮ್ಮ ಬಾಟಲಿ ಅಗಲ ಎಷ್ಟು?

ಮಲ್ಲಿಗೆಬಳ್ಳಿ
7.2.

ಕನ್ನಡಕದಂಗಡಿ
0.9 ಬರಬೇಕು. ಅವಳು 1 ಅಂದಿದ್ದಾಳೆ. ಒದ್ದೆ ಕೈಯಲ್ಲಿ ಅಳೆದದ್ದಕ್ಕೆ ಚೆನ್ನಾಗೇ ಇದೆ.

ಹಳೇಮೇಷ್ಟ್ರು
ಅಂದರೆ ಒಂದೇ ಬಾಟಲಿ ನಡುವೆ ವಕ್ರೀಭವನ, ಅಂಚಿನಲ್ಲಿ ಪ್ರತಿಫಲನ. ಪ್ರಶ್ನೆ ಕೇಳಿದ ಹುಡುಗಿಗೆ ಇದನ್ನು ಹೇಗೆ ಹೇಳುತ್ತೀರಿ ಈಗ?

ಮಲ್ಲಿಗೆಬಳ್ಳಿ
ಹೇಳೋಕೆ ಅವಳು ಕೂತಿದ್ದರೆ ತಾನೇ ಸರ್. ಬಾಟಲಿಗೆ ಅರ್ಧ ನೀರು ತುಂಬಿಸ್ತಾ ಇದ್ದಾಳೆ.